ಕೈವಾರ ಹಿಡಿಯಲಾಗದ ಹುಡುಗನಿಗೆ ಚತುರ್ಭುಜ ಕಲಿಸುವುದು: ಬಿ.ಇಡಿ. ಕಾಲೇಜುಗಳಿಗೂ ಶಿಕ್ಷಣ ಇಲಾಖೆಗೂ ಒಂದು ಬಹಿರಂಗ ಪತ್ರ

ಗೆ,
ಪ್ರಾಂಶುಪಾಲರು ಮತ್ತು ಬೋಧನಾ ವಿಧಾನದ ಅಧ್ಯಾಪಕರು,
ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಬಿ.ಇಡಿ. ಕಾಲೇಜುಗಳು

ಹಾಗೂ

ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ

ವಿಷಯ: ಇಂಟರ್ನ್‌ಶಿಪ್ ಪಾಠಗಳಲ್ಲಿ ದೈಹಿಕ ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ ಆಗುತ್ತಿರುವ ಅನ್ಯಾಯ ಮತ್ತು ಅದನ್ನು ಸರಿಪಡಿಸುವ ಕುರಿತು.

ಮಾನ್ಯರೇ,

ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಶಿಕ್ಷಕಿ. ತಮ್ಮ ಕಾಲೇಜುಗಳಿಂದ ಬರುವ ಪ್ರಶಿಕ್ಷಣಾರ್ಥಿಗಳಿಗೆ ಮಾರ್ಗದರ್ಶಿ ಶಿಕ್ಷಕಿಯಾಗಿಯೂ ಕೆಲಸ ಮಾಡುತ್ತೇನೆ. ಎಂಟನೇ ತರಗತಿಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಚತುರ್ಭುಜದ ರಚನೆ ಕಲಿಸಿದಾಗ ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ. ಆ ಹೆಣ್ಣುಮಗಳು ಶ್ರದ್ಧೆಯವಳು. ನನ್ನ ದೂರು ಅವಳ ಮೇಲಲ್ಲ, ಅವಳ ಕೈಗೆ ನಾವೆಲ್ಲ ಸೇರಿ ಕೊಟ್ಟಿರುವ ಪಾಠ ಯೋಜನೆಯ ನಮೂನೆಯ ಮೇಲೆ ಮತ್ತು ಅವಳಿಗೆ ಅಂಕ ಹಾಕುವ ಅವಲೋಕನ ನಮೂನೆಯ ಮೇಲೆ.

ಆ ತರಗತಿಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಹುಡುಗನಿದ್ದಾನೆ. ಅವನ ದೇಹದ ಬಲಭಾಗ ಬಿಗಿಯಾಗಿರುತ್ತದೆ; ವೈದ್ಯರು ಇದನ್ನು ಹೆಮಿಪ್ಲೀಜಿಯಾ ಎನ್ನುತ್ತಾರೆ. ಬಲಗಾಲಿಗೆ ಪ್ಲಾಸ್ಟಿಕ್ ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತಾನೆ, ಎಡಗೈಯಿಂದ ಬರೆಯುತ್ತಾನೆ. ಬಲಗೈ ಮುಷ್ಟಿ ಕಟ್ಟಿಕೊಂಡು ಮೊಣಕೈಯಲ್ಲಿ ಮಡಚಿರುತ್ತದೆ. ಮಾತು ಸ್ಪಷ್ಟ, ಲೆಕ್ಕದಲ್ಲಿ ಚುರುಕು. ಅವನ ಬಗ್ಗೆ ಶಾಲೆಯ ಕಡತದಲ್ಲಿರುವುದು ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ನಕಲು ಮತ್ತು ಅದರಲ್ಲಿರುವ ಶೇಕಡಾವಾರು ಅಂಕಿ ಮಾತ್ರ. ಕಾನೂನಿನ ಸೌಲಭ್ಯಗಳಿಗೆ ಶೇ. 40ರ ಗಡಿ ಮುಖ್ಯ, ಒಪ್ಪುತ್ತೇನೆ. ಆದರೆ ಅವನು ಯಾವ ಕೈಯಿಂದ ಬರೆಯುತ್ತಾನೆ, ಎಷ್ಟು ಹೊತ್ತಿಗೆ ಕೈ ಸೋಲುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಪಾಠ ಮಾಡುವವರಿಗೆ ಬೇಕಾದದ್ದು ಅದೇ.

ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಕೊಟ್ಟ ಅಳತೆಗಳು ಇವು: AB = 5 ಸೆಂ.ಮೀ., BC = 4 ಸೆಂ.ಮೀ., CD = 4.5 ಸೆಂ.ಮೀ., DA = 5.5 ಸೆಂ.ಮೀ., ಕರ್ಣ AC = 6.5 ಸೆಂ.ಮೀ. ಮೊದಲು AC ಎಳೆಯಬೇಕು. A ಕೇಂದ್ರವಾಗಿ 5, C ಕೇಂದ್ರವಾಗಿ 4 ತ್ರಿಜ್ಯದ ಕಂಸಗಳನ್ನು ಎಳೆದರೆ ಅವು ಕೂಡುವಲ್ಲಿ B. ಕರ್ಣದ ಆಚೆ ಬದಿಗೆ A ಕೇಂದ್ರವಾಗಿ 5.5, C ಕೇಂದ್ರವಾಗಿ 4.5 ತೆಗೆದುಕೊಂಡರೆ D. ಒಂದು ಕರ್ಣದ ಎರಡು ಬದಿಗೆ ಎರಡು ತ್ರಿಭುಜ, ಪಾಠದ ತಿರುಳು ಅಷ್ಟೇ.

ಹುಡುಗ ಸ್ಕೇಲ್ ಇಟ್ಟು AC ಎಳೆಯಲು ಹೋದ. ಸ್ಕೇಲ್ ಜಾರಿತು, ಗೆರೆ ಡೊಂಕಾಯಿತು. ಕೈವಾರ ತೆಗೆದ. ಅದನ್ನು 5 ಸೆಂಟಿಮೀಟರಿಗೆ ತೆರೆಯಲು ಎರಡು ಕೈ ಬೇಕು. ಒಂದು ಕಾಲನ್ನು ಹಲ್ಲಿನಲ್ಲಿ ಕಚ್ಚಿ ತೆರೆದ. ಮುಳ್ಳು ಊರಿ ತಿರುಗಿಸಿದಾಗ ನೋಟ್‌ಬುಕ್ಕೇ ತಿರುಗಿತು. ಇದನ್ನು ಕಂಡ ಪ್ರಶಿಕ್ಷಣಾರ್ಥಿ ಪಕ್ಕದ ಹುಡುಗನಿಗೆ, "ಅವಂದೂ ನೀನ ತೆಗದ ಕೊಡಪಾ" ಅಂದಳು. ಅವನು ಪ್ರೀತಿಯಿಂದಲೇ ಚೆಂದನೆಯ ಚಿತ್ರ ಬರೆದುಕೊಟ್ಟ. ಆ ಚಿತ್ರಕ್ಕೆ ಕೆಂಪು ಶಾಯಿಯ ಸರಿ ಗುರುತು ಬಿತ್ತು. ಕಾಲೇಜಿನಿಂದ ಬಂದಿದ್ದ ಪರಿವೀಕ್ಷಕರು ಅವಲೋಕನ ಪುಸ್ತಕದಲ್ಲಿ "ವಿಶೇಷ ಅಗತ್ಯವುಳ್ಳ ವಿದ್ಯಾರ್ಥಿಗೆ ಸಹಪಾಠಿಯ ನೆರವು ಕೊಡಿಸಿದ್ದಾರೆ, ಉತ್ತಮ" ಎಂದು ಷರಾ ಬರೆದರು.

ಪಾಠ ಮುಗಿಯುವ ಹೊತ್ತಿಗೆ ಆ ಹುಡುಗ ಕೇಳಿದ ಪ್ರಶ್ನೆಯನ್ನು ತಾವು ದಯವಿಟ್ಟು ಗಮನಿಸಬೇಕು. "ಟೀಚರ್, ಕಂಸ ಎರಡೂ ಕಡೆ ಕೂಡ್ತಾವಲ್ರಿ, ಮತ್ತ ಡಿ ಯಾವ ಕಡೆ ಇಡೂದ್ರಿ?" ಉಳಿದ ಯಾರಿಗೂ ಹೊಳೆಯದ ಪ್ರಶ್ನೆ ಇದು. A ಮತ್ತು C ಕೇಂದ್ರಗಳಿಂದ ಎಳೆದ ಎರಡು ವೃತ್ತಗಳು ಕರ್ಣದ ಮೇಲೊಂದು ಕೆಳಗೊಂದು, ಹೀಗೆ ಎರಡು ಕಡೆ ಕೂಡುತ್ತವೆ. B ಇರುವ ಬದಿಯಲ್ಲೇ D ಗುರುತಿಸಿದರೆ AC ಆಕೃತಿಯ ಒಳಗೆ ಹಾಯುವ ಕರ್ಣವಾಗಿ ಉಳಿಯುವುದಿಲ್ಲ, ನಮಗೆ ಬೇಕಾದ ಚತುರ್ಭುಜ ಬರುವುದಿಲ್ಲ. ಹಲಗೆಯ ಮೇಲಿನ ಚಿತ್ರ ನೋಡಿ ನಕಲು ಮಾಡಿದವರಿಗೆ ಈ ಸಂಶಯ ಬರಬೇಕಾದ ಅಗತ್ಯವೇ ಇರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು, ಪ್ರಶ್ನೆ ಹಾಗೇ ಉಳಿಯಿತು. ಗಣಿತ ಅರಿತಿದ್ದ ಹುಡುಗನ ನೋಟ್‌ಬುಕ್ಕಿನಲ್ಲಿ ಬೇರೆಯವನ ಕೈಬರಹವಿತ್ತು. ಅಂಕ ಬಿದ್ದದ್ದು ಆ ಕೈಬರಹಕ್ಕೆ.

ಅಂದು ಸಂಜೆ ಪ್ರಶಿಕ್ಷಣಾರ್ಥಿಯ ಜೊತೆ ಕುಳಿತು ರಚನೆಯ ಪ್ರತಿ ಹಂತವನ್ನೂ ಬಿಡಿಸಿ ನೋಡಿದೆವು. ಎಲ್ಲಿ ತಲೆ ಬೇಕು, ಎಲ್ಲಿ ಒಂದು ಕೈ ಸಾಕು, ಎಲ್ಲಿ ಎರಡು ಕೈ ಬೇಕು ಎಂದು ಬರೆದುಕೊಂಡಾಗ ವಿಷಯ ತಾನಾಗಿ ತಿಳಿಯಾಯಿತು. ಗೆರೆ ಎಳೆಯುವಾಗ ಒಂದು ಕೈ ಸ್ಕೇಲನ್ನು ಒತ್ತಿ ಹಿಡಿಯಬೇಕು, ಇನ್ನೊಂದು ಎಳೆಯಬೇಕು. ಕೈವಾರ ತೆರೆಯಲೂ ಎರಡು ಕೈ. ಕಂಸ ತಿರುಗಿಸಲು ಒಂದೇ ಕೈ ಸಾಕು, ಆದರೆ ಹಾಳೆಯನ್ನು ಹಿಡಿಯಲು ಇನ್ನೊಂದು ಬೇಕು. ಯಾವ ಬಿಂದುವಿನಲ್ಲಿ ಮುಳ್ಳು ಊರಬೇಕು, ಯಾವ ತ್ರಿಜ್ಯ, ಯಾವ ಬದಿ ಎಂಬ ನಿರ್ಧಾರಕ್ಕೆ ಕೈಯೇ ಬೇಡ. ಅಂದರೆ ಅವನಿಗೆ ಅಡ್ಡ ಬಂದದ್ದೆಲ್ಲ ಹಿಡಿದಿಡುವ ಕೆಲಸ. ಹಿಡಿದಿಡುವುದನ್ನು ಅಂಟು, ತೂಕ, ಮೊಳೆ ಮಾಡಬಲ್ಲವು. ಅದಕ್ಕೆ ಪಕ್ಕದ ಹುಡುಗನ ತಲೆ ಬೇಕಿಲ್ಲ.

ಮೊದಲು ಕೂರುವುದನ್ನು ಸರಿಪಡಿಸಬೇಕಾಯಿತು. ಅವನು ಕೂರುತ್ತಿದ್ದ ಬೆಂಚಿನಲ್ಲಿ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ಪಾದ ತೂಗಾಡುತ್ತಿದ್ದರೆ ಮೈ ವಾಲುತ್ತದೆ, ವಾಲದಂತೆ ತಡೆಯಲು ಎಡಗೈಯೇ ಡೆಸ್ಕನ್ನು ಆತುಕೊಳ್ಳುತ್ತದೆ, ಬರೆಯಲು ಇದ್ದ ಒಂದೇ ಕೈ ಹೀಗೆ ಅರ್ಧ ಖರ್ಚಾಗುತ್ತದೆ. ಎರಡು ಇಟ್ಟಿಗೆಯ ಮೇಲೆ ಒಂದು ಹಲಗೆ ಇಟ್ಟು ಪಾದ ಚಪ್ಪಟೆಯಾಗಿ ಊರುವಂತೆ, ಮೊಣಕಾಲು ಲಂಬಕೋನದಲ್ಲಿ ಮಡಚುವಂತೆ ಮಾಡಿದೆವು. ಡೆಸ್ಕಿನ ಮೇಲ್ಮೈ ಮೊಣಕೈಯ ಮಟ್ಟಕ್ಕೆ ಅಥವಾ ಎರಡು ಬೆರಳಿನಷ್ಟು ಮೇಲಿರಬೇಕು. ಅದಕ್ಕಿಂತ ಎತ್ತರವಾದರೆ ಭುಜ ಎತ್ತಿಕೊಂಡು ಬರೆಯುತ್ತಾನೆ, ಬೇಗ ಸೋಲುತ್ತಾನೆ.

ಜಾಗವೂ ಬದಲಾಯಿತು. ಎಡಗೈಯಲ್ಲಿ ಬರೆಯುವವನು ಬೆಂಚಿನ ಎಡ ತುದಿಯಲ್ಲಿರಬೇಕು, ಇಲ್ಲದಿದ್ದರೆ ಪಕ್ಕದವನ ಬಲ ಮೊಣಕೈ ಇವನ ಎಡ ಮೊಣಕೈಗೆ ಬಡಿಯುತ್ತಲೇ ಇರುತ್ತದೆ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹೆಮಿಪ್ಲೀಜಿಯಾ ಇರುವ ಕೆಲವು ಮಕ್ಕಳಿಗೆ ಬಿಗಿಯಾದ ಬದಿಯ ನೋಟವೂ ಕಡಿಮೆ ಇರುತ್ತದೆ. ಕಣ್ಣಿನ ವೈದ್ಯರಿಂದ ಇದನ್ನು ಪರೀಕ್ಷೆ ಮಾಡಿಸಬೇಕು. ಬಲಬದಿ ಕಾಣದ ಮಗುವನ್ನು ಕೋಣೆಯ ಎಡಗೋಡೆಗೆ ಕೂರಿಸಿದರೆ ಕಪ್ಪುಹಲಗೆ ಪೂರ್ತಿ ಅವನಿಗೆ ಕಾಣದ ಬದಿಗೆ ಬರುತ್ತದೆ. ಅವನ ಕಣ್ಣಿನ ತಪಾಸಣೆ ಆಗುವವರೆಗೆ ಸುರಕ್ಷಿತವೆಂದು, ಹಲಗೆ ಅವನ ಎಡಕ್ಕೆ ಬರುವ ಹಾಗೆ ಕೋಣೆಯ ಬಲಭಾಗದಲ್ಲಿ ಕೂರಿಸಿದೆವು.

ಹಾಳೆಯ ವಿಷಯ. ದಪ್ಪ ನೋಟ್‌ಬುಕ್ಕು ಹೊಲಿಗೆಯ ಹತ್ತಿರ ಉಬ್ಬಿರುತ್ತದೆ, ಅಲ್ಲಿ ಸ್ಕೇಲ್ ಕೂರುವುದಿಲ್ಲ. ಬಿಡಿ ಹಾಳೆಯನ್ನು ಪರೀಕ್ಷೆಯ ಪ್ಯಾಡಿಗೆ ನಾಲ್ಕು ಮೂಲೆಯಲ್ಲಿ ಟೇಪಿನಿಂದ ಅಂಟಿಸಿ, ಆಮೇಲೆ ನೋಟ್‌ಬುಕ್ಕಿಗೆ ಹಚ್ಚುವುದು ಒಳ್ಳೆಯದು. ಪ್ಯಾಡು ಜಾರದಂತೆ ಅದರ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇರಲಿ. ಎಡಗೈಯವನಿಗೆ ಹಾಳೆಯ ಮೇಲಂಚು ಸ್ವಲ್ಪ ಬಲಕ್ಕೆ ವಾಲಿರಬೇಕು, ಆಗ ತಾನು ಬರೆದದ್ದು ತನ್ನ ಕೈಯ ಕೆಳಗೆ ಮುಚ್ಚಿಹೋಗುವುದಿಲ್ಲ.

ಸ್ಕೇಲಿನ ತಳಕ್ಕೂ ಅದೇ ಟ್ಯೂಬಿನ ಎರಡು ಪಟ್ಟಿ ಅಂಟಿಸಿದೆವು, ಅಂಚಿನಿಂದ ಮೂರ್ನಾಲ್ಕು ಮಿಲಿಮೀಟರ್ ಒಳಗೆ. ಅಂಚಿನವರೆಗೂ ಅಂಟಿಸಿದರೆ ಪೆನ್ಸಿಲಿನ ಮೊನೆ ರಬ್ಬರಿಗೆ ತಡೆದು ಗೆರೆ ಅದುರುತ್ತದೆ. ಸ್ಕೇಲಿನ ಮೇಲೆ ನಡುವಿನಲ್ಲಿ ಹಳೆಯ ಡಸ್ಟರಿನ ಮರದ ತುಂಡನ್ನು ಅಂಟಿಸಿದ್ದರಿಂದ ಅವನ ಬಲ ಮುಷ್ಟಿಗೆ ಆತುಕೊಳ್ಳಲು ಜಾಗ ಸಿಕ್ಕಿತು. ಬೆರಳು ಬಿಡಿಸಲಾಗದಿದ್ದರೂ ಮುಂಗೈಯ ಭಾರ ಹಾಕಿ ಒತ್ತಲು ಅವನಿಂದ ಆಗುತ್ತದೆ. ಇಲ್ಲಿ ಎಚ್ಚರಿಕೆಯ ಒಂದು ಮಾತು: ಬಲಗೈ ಬಳಸು, ಬಲಗೈ ಬಳಸು ಎಂದು ಗಣಿತದ ಅವಧಿಯಲ್ಲಿ ಒತ್ತಾಯಿಸಬಾರದು. ಬಲಗೈಯ ವ್ಯಾಯಾಮಕ್ಕೆ ಫಿಸಿಯೋಥೆರಪಿಯ ಹೊತ್ತು ಬೇರೆ ಇದೆ. ರಚನೆ ಕಲಿಯುವಾಗ ಗಮನವನ್ನು ಮುಷ್ಟಿಯ ಮೇಲೆ ಎಳೆದರೆ ಕಂಸ ತಲೆಯಿಂದ ಜಾರುತ್ತದೆ.

ಕೈವಾರದ ಬದಲು ರಂಧ್ರದ ಪಟ್ಟಿ ಮಾಡಿದೆವು. ಹಳೆಯ ಪ್ಲಾಸ್ಟಿಕ್ ಫೈಲಿನ ದಪ್ಪ ಹೊದಿಕೆಯಿಂದ 2.5 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಬೇಕು. ಅದರ ಮೇಲೆ ಉದ್ದಕ್ಕೆ ಎರಡು ಸಾಲು. ಎರಡೂ ಸಾಲಿನ ತುದಿಗೆ ಸೊನ್ನೆಯ ರಂಧ್ರ ಇರಲಿ. ಮೊದಲ ಸಾಲಿನಲ್ಲಿ ಸೊನ್ನೆಯಿಂದ 1, 2, 3 ಹೀಗೆ ಪೂರ್ಣ ಸೆಂಟಿಮೀಟರಿನ ರಂಧ್ರಗಳು, ಎರಡನೆಯದರಲ್ಲಿ 1.5, 2.5, 3.5 ಹೀಗೆ ಅರ್ಧದವು. ಒಂದೇ ಸಾಲಿನಲ್ಲಿ ಅರ್ಧರ್ಧ ಸೆಂಟಿಮೀಟರಿಗೆ ತೂತು ಹಾಕಿದರೆ ನಡುವೆ ಸ್ವಲ್ಪವೇ ಪ್ಲಾಸ್ಟಿಕ್ ಉಳಿದು ಪಟ್ಟಿ ಬೇಗ ಹರಿಯುತ್ತದೆ, ಅದಕ್ಕೇ ಎರಡು ಸಾಲು. ತೂತನ್ನು ಕಾಯಿಸಿದ ದಬ್ಬಣದಿಂದ ಹಾಕಬೇಕು, ಈ ಕೆಲಸ ದೊಡ್ಡವರು ಮಾಡಬೇಕು. ರಂಧ್ರ ಪೆನ್ಸಿಲಿನ ಸೀಸ ಹೊಕ್ಕುವಷ್ಟೇ, ಅಂದರೆ ಸುಮಾರು 2 ಮಿ.ಮೀ. ಇದ್ದರೆ ಸಾಕು. ಬೋರ್ಡ್ ಪಿನ್ನನ್ನು ಸೊನ್ನೆಯ ರಂಧ್ರದ ಮೂಲಕ A ಬಿಂದುವಿಗೆ ಚುಚ್ಚಿ, ಪೆನ್ಸಿಲಿನ ಮೊನೆಯನ್ನು 5ರ ರಂಧ್ರದಲ್ಲಿಟ್ಟು ತಿರುಗಿಸಿದರೆ ಕಂಸ ಬರುತ್ತದೆ. ಒಂದೇ ಕೈ ಸಾಕು. ನಮ್ಮ ಚತುರ್ಭುಜದಲ್ಲಿ 5 ಮತ್ತು 4 ಮೊದಲ ಸಾಲಿನವು, 5.5 ಮತ್ತು 4.5 ಎರಡನೆಯ ಸಾಲಿನವು.

ಪಿನ್ನು ಚುಚ್ಚಲು ಹಾಳೆಯ ಅಡಿಗೆ ಮೆತ್ತನೆಯ ಪದರ ಬೇಕು. ಥರ್ಮಾಕೋಲ್ ಎಲ್ಲರಿಗೂ ಮೊದಲು ನೆನಪಾಗುತ್ತದೆ, ಆದರೆ ಅದರಲ್ಲಿ ಪಿನ್ನು ವಾಲುತ್ತದೆ, ಕೇಂದ್ರ ಸರಿದು ಕಂಸ ತಪ್ಪುತ್ತದೆ. ರಟ್ಟಿನ ಪೆಟ್ಟಿಗೆಯ ಮೂರು ಪದರವನ್ನು ಒಂದರ ಮೇಲೊಂದು ಅಂಟಿಸಿದರೆ ಪಿನ್ನು ನೆಟ್ಟಗೆ ನಿಲ್ಲುತ್ತದೆ. ಪಟ್ಟಿ ಸರಿ ಇದೆಯೇ ಎಂದು ತಿಳಿಯಲು ಬರೆದ ಚಿತ್ರದಲ್ಲಿ CD ಅಳೆದರೆ ಸಾಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಸಹಜ. ಅದಕ್ಕಿಂತ ಹೆಚ್ಚಾದರೆ ಒಂದೋ ರಂಧ್ರ ಅಗಲವಾಗಿದೆ, ಇಲ್ಲವೇ ಪಿನ್ನು ವಾಲಿದೆ. ಪ್ಲಾಸ್ಟಿಕ್ಕಿನ ಬದಲು ರಟ್ಟಿನಲ್ಲೇ ಪಟ್ಟಿ ಮಾಡಿದರೆ ಕೆಲವೇ ದಿನದಲ್ಲಿ ರಂಧ್ರ ಅಗಲವಾಗುತ್ತದೆ.

ಈ ಪಟ್ಟಿಗೆ ಒಂದು ಮಿತಿ ಇದೆ. 5.3 ಎಂಬ ತ್ರಿಜ್ಯ ಬಂದರೆ ಇದು ನಡೆಯುವುದಿಲ್ಲ. ಅದಕ್ಕೆ ಇನ್ನೊಂದು ಸ್ಕೇಲನ್ನು ಡೆಸ್ಕಿಗೇ ಟೇಪಿನಿಂದ ಅಂಟಿಸಿಡಬೇಕು. ಕೈವಾರದ ಮುಳ್ಳನ್ನು ಸೊನ್ನೆಯಲ್ಲಿ ಊರಿ ಪೆನ್ಸಿಲಿನ ಕಾಲನ್ನು ಅದೇ ಕೈಯ ಬೆರಳಿನಿಂದ ಸರಿಸಿ ಅಳತೆಗೆ ತರಬಹುದು. ಕೈವಾರದ ಕೀಲು ಬಿಗಿಯಾಗಿದ್ದರೆ ಮಾತ್ರ ಇದು ಸಾಧ್ಯ. ಸಡಿಲವಿದ್ದರೆ ತಿರುಗಿಸುವಾಗ ಅಳತೆಯೇ ಬದಲಾಗುತ್ತದೆ. ಕೀಲಿನ ತಿರುಪನ್ನು ಮೊದಲೇ ಬಿಗಿ ಮಾಡಿ, 5ಕ್ಕೆ ತೆರೆದು ಹಾಳೆಯ ಮೇಲೆ ಒತ್ತಿ, ಮತ್ತೆ ಅಳೆದು ನೋಡಿದರೆ ಗೊತ್ತಾಗುತ್ತದೆ.

ಮರುದಿನದ ಪಾಠದಲ್ಲಿ ಆ ಹುಡುಗ ತನ್ನ ಕೈಯಿಂದಲೇ ಚತುರ್ಭುಜ ರಚಿಸಿದ. ಉಳಿದವರಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು ಹೊತ್ತು ಹಿಡಿಯಿತು. ಪ್ರಶಿಕ್ಷಣಾರ್ಥಿ ಇದನ್ನು ಮೊದಲೇ ಎಣಿಸಿ, ತರಗತಿಗೆ ಮೂರು ರಚನೆ ಕೊಟ್ಟರೂ ಅವನಿಗೆ ಒಂದನ್ನು ಕೈಯಿಂದ ಮಾಡಲು, ಇನ್ನೊಂದನ್ನು ಬಾಯಿಂದ ಹೇಳಿ ಮಾಡಿಸಲು ಇಟ್ಟಿದ್ದಳು. ಮೂರನೆಯದನ್ನು ಬಿಟ್ಟಳು. ಬಿಟ್ಟದ್ದರಿಂದ ಅವನು ಕಳೆದುಕೊಂಡದ್ದೇನೂ ಇಲ್ಲ, ಏಕೆಂದರೆ ಮೂರೂ ಒಂದೇ ಬಗೆಯವು. ಕೈ ದಣಿದಿದೆಯೆಂದು ಹೇಗೆ ತಿಳಿಯಬೇಕು ಎಂಬುದನ್ನೂ ಅವಳು ಗುರುತಿಸಿಟ್ಟುಕೊಂಡಿದ್ದಳು. ಎಡಗೈ ಹೆಚ್ಚು ಶ್ರಮಪಟ್ಟಾಗ ಬಲ ಮೊಣಕೈ ತಾನಾಗಿ ಮೇಲಕ್ಕೆ ಮಡಚುತ್ತದೆ, ದವಡೆ ಬಿಗಿಯುತ್ತದೆ, ಗೆರೆ ಕಪ್ಪಾಗಿ ಒತ್ತಿ ಬೀಳುತ್ತದೆ. ಆಗ ಎರಡು ಮೂರು ನಿಮಿಷ ಪೆನ್ಸಿಲ್ ಕೆಳಗಿಡಿಸಿ ಬಾಯಿಪ್ರಶ್ನೆ ಕೇಳಿದಳು. ಅದೇ ಬಿಡುವಿನಲ್ಲಿ ಹಿಂದಿನ ದಿನದ ಪ್ರಶ್ನೆಯನ್ನು ಇಡೀ ತರಗತಿಯ ಮುಂದಿಟ್ಟಳು: D ಯಾವ ಬದಿಗೆ, ಏಕೆ? ಹಲವರು ಎರಡೂ ಬದಿಗೆ ಕಂಸ ಎಳೆದು ನೋಡಿದರು.

ಎರಡನೆಯ ರಚನೆಯಲ್ಲಿ ಪಕ್ಕದ ಹುಡುಗನಿಗೆ ಅವಳು ಕೊಟ್ಟ ಸೂಚನೆ ಸ್ಪಷ್ಟವಾಗಿತ್ತು. "ಅವ ಹೇಳಿದಷ್ಟ ಮಾಡು. ತಪ್ಪ ಹೇಳಿದ್ರೂ ಹಾಂಗ ಎಳಿ, ನೀ ತಿದ್ದಬ್ಯಾಡ." ಇವನು "ಎ ಮ್ಯಾಲೆ ಮುಳ್ಳ ಇಡು, ಐದೂವರಿ ತಗೀ, ಕೆಳಗ ಎಳಿ" ಎನ್ನುತ್ತ ಹೋದ. ಒಂದು ಕಡೆ ತ್ರಿಜ್ಯ ತಪ್ಪಾಗಿ ಹೇಳಿದ, ಕಂಸಗಳು ಕೂಡಲಿಲ್ಲ, ತಾನೇ ನೋಡಿ ತಿದ್ದಿಸಿದ. ಸಹಪಾಠಿಯ ನೆರವು ಎಂದರೆ ಇದು. ಹಾಳೆ ಹಿಡಿಯುವುದು, ಬಿದ್ದ ಸ್ಕೇಲ್ ಎತ್ತಿಕೊಡುವುದು, ಹೇಳಿದ ಗೆರೆ ಎಳೆಯುವುದು ನೆರವು. ಎಲ್ಲಿ ಎಳೆಯಬೇಕೆಂದು ತೀರ್ಮಾನಿಸುವುದು ಕಲಿಯುವವನ ಪಾಲಿನ ಕೆಲಸ, ಅದನ್ನು ಅವನಿಂದ ಕಿತ್ತುಕೊಳ್ಳಬಾರದು.

ಈ ಪಾಠಕ್ಕೆ ಅವಲೋಕನ ನಮೂನೆಯಲ್ಲಿ ಬಿದ್ದ ಅಂಕ ಹಿಂದಿನ ದಿನಕ್ಕಿಂತ ಕಡಿಮೆ. ಸಮಯ ಪಾಲನೆಯಲ್ಲಿ ಅಂಕ ಹೋಯಿತು, ಏಕೆಂದರೆ ಮನೆಗೆಲಸ ಕೊಡುವಷ್ಟರಲ್ಲಿ ಗಂಟೆಯಾಯಿತು. "ಒಬ್ಬ ವಿದ್ಯಾರ್ಥಿಗೆ ಹೆಚ್ಚು ಗಮನ" ಎಂಬುದು ಕೊರತೆಯ ಅಂಕಣಕ್ಕೆ ಹೋಯಿತು. ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ, ಪುನರ್ಬಲನ, ಮುಕ್ತಾಯ, ಹೀಗೆ ನಮೂನೆಯಲ್ಲಿ ಸಾಲುಗಳಿವೆ. ಮಗುವಿನ ಕೈಗೆ ತಕ್ಕಂತೆ ಉಪಕರಣ ಹೊಂದಿಸಿದ್ದನ್ನು ಬರೆಯಲು ಒಂದು ಸಾಲೂ ಇಲ್ಲ. ಸಾಲೇ ಇಲ್ಲದಿದ್ದರೆ ಪರಿವೀಕ್ಷಕರು ಒಳ್ಳೆಯವರಿದ್ದೂ ಏನು ಮಾಡಿಯಾರು? ಮತ್ತು ಪ್ರಶಿಕ್ಷಣಾರ್ಥಿ ಇದರಿಂದ ಏನು ಕಲಿತಾಳು? ಪಕ್ಕದ ಹುಡುಗನಿಂದ ಬರೆಸಿದರೆ ಅಂಕ ಹೆಚ್ಚು, ಕಲಿಸಿದರೆ ಅಂಕ ಕಡಿಮೆ ಎಂದೇ ಕಲಿಯುತ್ತಾಳೆ. ಇದು ನನ್ನ ಮುಖ್ಯ ದೂರು.

2014ರ ಎನ್‌ಸಿಟಿಇ ನಿಯಮಗಳ ಪ್ರಕಾರ ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲೆಯ ನಂಟಿಗೆ 20 ವಾರ ಇವೆ, ಅದರಲ್ಲಿ 16 ವಾರ ಎರಡನೆಯ ವರ್ಷಕ್ಕೆ. ಸಮನ್ವಯ ಶಿಕ್ಷಣದ ಪತ್ರಿಕೆಯೂ ಇದೆ. ನನ್ನ ಬಳಿ ಬರುವ ಪ್ರಶಿಕ್ಷಣಾರ್ಥಿಗಳಿಗೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಹೇಳಿರುವ 21 ಬಗೆಯ ಅಂಗವೈಕಲ್ಯಗಳ ಹೆಸರು ಬಾಯಿಪಾಠವಿರುತ್ತದೆ. ಆದರೆ ಒಂದು ಪಾಠದ ಹಂತಗಳನ್ನು ಮುಂದಿಟ್ಟು, ಇದರಲ್ಲಿ ಎರಡು ಕೈ ಬೇಕಾದವು ಯಾವುವು ಎಂದು ಕೇಳಿದರೆ ಅವರು ಎಂದೂ ಆ ರೀತಿ ಯೋಚಿಸಿರುವುದಿಲ್ಲ. ಅದೇ ಕಾಯ್ದೆಯ 16ನೇ ಕಲಂ ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ಶಿಕ್ಷಣ ಸಂಸ್ಥೆಗಳ ಹೊಣೆ ಎನ್ನುತ್ತದೆ. ಹೊಣೆ ಶಾಲೆಯದು ಎಂದ ಮೇಲೆ ಆ ಶಾಲೆಯಲ್ಲಿ ನಿಂತು ಪಾಠ ಮಾಡುವವರದೂ ಹೌದು.

ಕಟ್ಟಡದ ಬಗ್ಗೆ ಎರಡೇ ಮಾತು. ರ‍್ಯಾಂಪ್ ಇದ್ದರೆ ಶಾಲೆ ಸಮನ್ವಯದ್ದು ಎಂದು ವರದಿಯಲ್ಲಿ ಗುರುತು ಬೀಳುತ್ತದೆ. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ ಇರಬೇಕೆಂಬುದು ಅಳತೆ. ಒಂದೂವರೆ ಅಡಿ ಎತ್ತರದ ಜಗಲಿಗೆ ಹದಿನೆಂಟು ಅಡಿ ಬೇಕು. ಜಾಗವಿಲ್ಲವೆಂದು ಅದರ ಅರ್ಧದಲ್ಲಿ ಮುಗಿಸಿದ ರ‍್ಯಾಂಪಿನಲ್ಲಿ ಕ್ಯಾಲಿಪರ್ ಹಾಕಿದವರು ಇಳಿಯುವಾಗ ಮುಗ್ಗರಿಸುತ್ತಾರೆ. ನಮ್ಮ ಕಡೆ ರ‍್ಯಾಂಪಿನ ಬುಡ ಎರಿ ಮಣ್ಣಿನಲ್ಲಿ ಮುಗಿದರೆ ಮಳೆಗಾಲದಲ್ಲಿ ಹೆಜ್ಜೆಹೆಜ್ಜೆಗೆ ಮಣ್ಣು ಬೂಟಿಗೆ ಮೆತ್ತಿ ಕಾಲು ಎತ್ತಲಾಗುವುದಿಲ್ಲ. ಬುಡದಿಂದ ಗೇಟಿನವರೆಗೆ ಪರಸಿ ಹಾಸಿದರೆ ಆಗುವ ಕೆಲಸ. ಇದು ಗ್ರಾಮ ಪಂಚಾಯಿತಿ, ಎಸ್‌ಡಿಎಂಸಿ ಸೇರಿ ಮಾಡಬಹುದಾದದ್ದು.

ಈಗ ನನ್ನ ಕೋರಿಕೆಗಳು.

ಕಾಲೇಜುಗಳವರೇ, ಪ್ರಶಿಕ್ಷಣಾರ್ಥಿ ಮೊದಲ ಪಾಠಕ್ಕೆ ನಿಲ್ಲುವ ಒಂದು ವಾರ ಮೊದಲು ಆ ತರಗತಿಯ ಇಂಥ ಮಕ್ಕಳ ಬಗ್ಗೆ ಒಂದು ಚೀಟಿ ಅವಳ ಕೈಗೆ ಸಿಗಬೇಕು. ಬರೆಯುವ ಕೈ ಯಾವುದು, ಎಷ್ಟು ನಿಮಿಷಕ್ಕೆ ದಣಿವು, ಕೂರಲು ಏನು ಬೇಕು, ಕಣ್ಣು ಮತ್ತು ಕಿವಿಯ ಸ್ಥಿತಿ, ಮೂರ್ಛೆಯ ಗುಳಿಗೆ ಏನಾದರೂ ಇದೆಯೇ ಎಂಬಷ್ಟು ಸಾಕು. ಕೆಲವು ಗುಳಿಗೆಗಳಿಂದ ಮಂಪರು ಬರುತ್ತದೆ, ಅದನ್ನು ಸೋಮಾರಿತನ ಎಂದು ತಿಳಿದು ಬೈದದ್ದೂ ಉಂಟು. ಚೀಟಿಯನ್ನು ತಂದೆತಾಯಿಯ ಒಪ್ಪಿಗೆಯಿಂದ, ಮಗುವನ್ನೂ ಕೇಳಿಯೇ ಬರೆಯಬೇಕು. ಅದನ್ನು ತರಗತಿಯಲ್ಲಿ ಓದಬಾರದು. ಬರೆದುಕೊಡುವ ಕೆಲಸ ನಮ್ಮಂಥ ಮಾರ್ಗದರ್ಶಿ ಶಿಕ್ಷಕರದು, ಅದನ್ನು ನಾವು ಒಪ್ಪಿಕೊಳ್ಳುತ್ತೇವೆ.

ಪಾಠ ಯೋಜನೆಯ ನಮೂನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿ ಚಟುವಟಿಕೆ ಎಂಬ ಅಂಕಣಗಳ ಪಕ್ಕ ಇನ್ನೊಂದು ಅಂಕಣ ಬೇಕು: ಈ ಹಂತವನ್ನು ಕೈಯಿಂದ, ಕಾಲಿನಿಂದ ಮಾಡಲಾಗದವರು ಹೇಗೆ ಮಾಡುತ್ತಾರೆ? ಅಂಥ ಮಗು ತರಗತಿಯಲ್ಲಿ ಇಲ್ಲದಿದ್ದರೆ ಅಂಕಣ ಖಾಲಿ ಇರಲಿ. ಇದ್ದರೆ "ಸಹಪಾಠಿಯ ನೆರವು" ಎಂದಷ್ಟೇ ಬರೆದದ್ದನ್ನು ಒಪ್ಪಬೇಡಿ. ಯಾವ ಹಂತದಲ್ಲಿ, ಏನನ್ನು ಹಿಡಿಯುವ ನೆರವು ಎಂದು ಕೇಳಿ. ಅವಲೋಕನ ನಮೂನೆಯಲ್ಲೂ ಇದಕ್ಕೆ ತಕ್ಕ ಸಾಲು ಮತ್ತು ಅಂಕ ಇರಲಿ. ಪಾಠ ಮುಗಿಯುವ ಮೊದಲು ಪರಿವೀಕ್ಷಕರು ಆ ಮಗುವಿನ ಹತ್ತಿರ ಹೋಗಿ ಒಂದು ಪ್ರಶ್ನೆ ಕೇಳಿದರೆ ನೋಟ್‌ಬುಕ್ಕಿನಲ್ಲಿರುವುದು ಯಾರ ಕೆಲಸ ಎಂದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್ಪಿನ ಕೊನೆಗೆ ಬರೆಯುವ ಪ್ರತಿಫಲನ ಬರಹಗಳನ್ನು ನಾನು ಓದುತ್ತೇನೆ. "ವಿಕಲಚೇತನ ಮಗುವಿನಿಂದ ನಾನು ತಾಳ್ಮೆ ಕಲಿತೆ" ಎಂಬ ವಾಕ್ಯ ಎಷ್ಟೋ ಪುಸ್ತಕಗಳಲ್ಲಿ ಅಕ್ಷರಶಃ ಒಂದೇ ರೀತಿ ಇರುತ್ತದೆ. ಅದರಿಂದ ಮುಂದಿನ ವರ್ಷ ಅದೇ ಮಗುವಿಗೆ ಪಾಠ ಮಾಡುವವರಿಗೆ ಏನೂ ದಕ್ಕುವುದಿಲ್ಲ. ಯಾವ ಹಂತ ತಡೆಯಿತು, ಏನು ಬದಲಾಯಿಸಿದೆ, ಬದಲಾಯಿಸಿದ ಮೇಲೆ ಮಗು ತಾನೇ ಏನು ಮಾಡಿತು, ಏನು ಇನ್ನೂ ಆಗಲಿಲ್ಲ ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಬರೆಸಿ. ಅದರ ಒಂದು ಪ್ರತಿ ಶಾಲೆಯಲ್ಲೂ ಉಳಿಯಲಿ.

ಉಪನಿರ್ದೇಶಕರೇ, ತಾಲ್ಲೂಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿಗಳ ಕೆಲಸದ ಹೊರೆ ನಮಗೆ ಗೊತ್ತಿದೆ. ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆ, ತಪಾಸಣಾ ಶಿಬಿರ, ದಾಖಲೆ ಎಲ್ಲವೂ ಅವರ ತಲೆಯ ಮೇಲಿದೆ. ಆದರೂ ಇಂಟರ್ನ್‌ಶಿಪ್ ನಡೆಯುವ ಶಾಲೆಗಳಿಗೆ ಅವಧಿಯ ಆರಂಭದಲ್ಲಿ ಒಮ್ಮೆ ಬಂದು ಪ್ರಶಿಕ್ಷಣಾರ್ಥಿ ಮತ್ತು ವಿಷಯ ಶಿಕ್ಷಕರ ಜೊತೆ ಅರ್ಧ ದಿನ ಕೂರುವಂತೆ ಆದೇಶ ಮಾಡಿ. ಕೂರಿಸುವ ಭಂಗಿ ಅವರಿಗೆ ಗೊತ್ತು, ಚತುರ್ಭುಜ ನಮಗೆ ಗೊತ್ತು. ಇಬ್ಬರೂ ಒಂದೇ ಡೆಸ್ಕಿನ ಮುಂದೆ ನಿಲ್ಲುವುದು ಈಗ ನಡೆಯುತ್ತಿಲ್ಲ.

ಕೊನೆಯದಾಗಿ ಮೌಲ್ಯಮಾಪನ. ರೂಪಣಾತ್ಮಕ ಮೌಲ್ಯಮಾಪನದಲ್ಲಿ ರಚನೆಯ ಅಂಕವನ್ನು ಎರಡಾಗಿ ಒಡೆಯಲು ಸೂಚನೆ ಕೊಡಿ: ಹಂತಗಳ ತಿಳಿವಳಿಕೆಗೆ ಒಂದು ಪಾಲು, ಗೆರೆಯ ಅಚ್ಚುಕಟ್ಟಿಗೆ ಇನ್ನೊಂದು. ಇಂಥ ಮಗು ಹಂತಗಳನ್ನು ಹೇಳಿ ಬರೆಸಿದರೆ ಮೊದಲನೆಯ ಪಾಲಿನ ಪೂರ್ಣ ಅಂಕ ಸಿಗಲಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮತ್ತು ಲಿಪಿಕಾರರ ಸೌಲಭ್ಯವನ್ನು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಎಂದಿತ್ತು, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಪರೀಕ್ಷೆಗೆ ಎರಡು ದಿನ ಮೊದಲು ಲಿಪಿಕಾರರನ್ನು ಭೇಟಿ ಮಾಡುವ ಅವಕಾಶವನ್ನೂ ಅದು ಹೇಳಿತ್ತು. ಆದರೆ ಹತ್ತನೇ ತರಗತಿಯ ಪರೀಕ್ಷೆಯ ದಿನ ಮೊದಲ ಬಾರಿಗೆ ಲಿಪಿಕಾರರ ಪಕ್ಕ ಕೂತ ಮಗುವಿಗೆ, "ಎ ಕೇಂದ್ರವಾಗಿ ಐದೂವರೆ ತ್ರಿಜ್ಯದ ಕಂಸ, ಕರ್ಣದ ಕೆಳಗೆ" ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಹೇಳಿ ಬರೆಸುವುದು ಕಲಿತು ಬರುವ ಕೆಲಸ. ಅದರ ರೂಢಿ ಎಂಟನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಆರಂಭವಾಗಬೇಕು. ಯಾವ ಮಗುವಿಗೆ ಲಿಪಿಕಾರರು ಬೇಕು, ಯಾರಿಗೆ ಹೆಚ್ಚಿನ ಸಮಯವಷ್ಟೇ ಸಾಕು ಎಂಬುದೂ ಆ ಎರಡು ವರ್ಷಗಳಲ್ಲಿ ತಿಳಿಯುತ್ತದೆ. ನಮ್ಮ ಹುಡುಗನಿಗೆ ಭಾಷಾ ಪತ್ರಿಕೆಗಳಲ್ಲಿ ಲಿಪಿಕಾರರು ಬೇಕಾಗಲಿಕ್ಕಿಲ್ಲ, ಸಮಯ ಬೇಕು. ಗಣಿತದ ರಚನೆಗೆ ಎರಡೂ ಬೇಕಾಗಬಹುದು.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಶಾಲೆಗೆ ಬರುವ ಮೊದಲು ನಮೂನೆಗಳಲ್ಲಿ ಈ ಬದಲಾವಣೆ ಆಗಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ಹೊಸ ಅಂಕಣಗಳ ಕರಡು ತಯಾರಿಸಲು ವಿಷಯ ಶಿಕ್ಷಕರನ್ನು ಕರೆದರೆ ನಮ್ಮ ಶಾಲೆಯ ಗಣಿತ, ವಿಜ್ಞಾನ ಶಿಕ್ಷಕರು ಬರಲು ಸಿದ್ಧರಿದ್ದೇವೆ. ರಂಧ್ರದ ಪಟ್ಟಿ, ಹಿಡಿಯುಳ್ಳ ಸ್ಕೇಲ್, ರಟ್ಟಿನ ಪದರದ ಮಾದರಿಗಳನ್ನೂ ತರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಗಣಿತ ಶಿಕ್ಷಕಿ ಮತ್ತು ಇಂಟರ್ನ್‌ಶಿಪ್ ಮಾರ್ಗದರ್ಶಿ,
ಬಾಗಲಕೋಟೆ ಜಿಲ್ಲೆ